ಬ್ಯಾಡಗಿ ಪೇಟೆಯ ಸರಾಸರಿ, ಭೂಮಿಯ ಒಂದೂವರೆ ಡಿಗ್ರಿ

2025ರ ಮಾರ್ಚ್ ಕೊನೆಯ ಒಂದು ಸೋಮವಾರ ಬ್ಯಾಡಗಿಯಲ್ಲಿದ್ದೆ. ನಮ್ಮ ಕಾಕಾ ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟು ಮೂವತ್ತು ವರ್ಷ ದಾಟಿದೆ. ಟೆಂಡರ್ ತೆರೆಯುವವರೆಗೆ ಅಂಗಡಿಯಲ್ಲಿ ದೊಡ್ಡ ಕೆಲಸ ಏನೂ ಇರುವುದಿಲ್ಲ. ಚಹಾ ಕುಡಿಯಬೇಕು, ಘಾಟಿಗೆ ಸೀನಬೇಕು, ಪೇಪರ್ ಓದಬೇಕು. ಕಾಕಾ ಓದುತ್ತಿದ್ದ ಪೇಪರಿನಲ್ಲಿ ಭೂಮಿಯ ಬಿಸಿ ಒಂದೂವರೆ ಡಿಗ್ರಿ ಏರಿದ ಸುದ್ದಿ ಇತ್ತು. ಅದನ್ನು ಮಡಚಿ ನನ್ನ ಕಡೆ ಚಾಚಿದರು.

“ತಮ್ಮಾ, ನೀ ಸೈನ್ಸ್ ಮಾಸ್ತರ ಅದಿ. ಇದನ್ನೊಂಚೂರು ತಿಳಿಸಿ ಹೇಳು. ಮುಂಜಾನೆ ನಾ ಎದ್ದಾಗ ಇಪ್ಪತ್ತೆರಡು ಡಿಗ್ರಿ ಇತ್ತು. ಈಗ ಮೂವತ್ತೆಂಟು. ಅರ್ಧ ದಿನದಾಗ ಹದಿನಾರು ಡಿಗ್ರಿ ಏರೇತಿ. ಇವರು ಒಂದೂವರಿ ಡಿಗ್ರಿಗೆ ಇಷ್ಟ್ಯಾಕ ಒದರ್ತಾರ?”

ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಬಂತು. “ಮತ್ತ ಹೋದ ವರ್ಷಾನ ಒಂದೂವರಿ ದಾಟೇತಿ ಅಂತ ಬರದಾರ. ದಾಟಿದ ಮ್ಯಾಲೆ ಗುರಿ ಅನ್ನೂದು ಎಲ್ಲಿ ಉಳೀತು?”

ಎರಡೂ ಒಳ್ಳೆಯ ಪ್ರಶ್ನೆಗಳೇ. ಎರಡರ ಬುಡದಲ್ಲೂ ಒಂದೇ ಗೊಂದಲ ಇದೆ. ಒಂದೂವರೆ ಡಿಗ್ರಿ ಅಂದ ಕೂಡಲೇ ನಮಗೆ ಥರ್ಮಾಮೀಟರ್ ನೆನಪಾಗುತ್ತದೆ. ಆದರೆ ಆ ಅಂಕಿ ಯಾವ ಥರ್ಮಾಮೀಟರಿನಲ್ಲೂ ಕಾಣುವುದಿಲ್ಲ. ಅದು ಎರಡು ಸರಾಸರಿಗಳ ನಡುವಿನ ವ್ಯತ್ಯಾಸ.

2015ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಲ್ಲಿ ದೇಶಗಳೆಲ್ಲ ಕೂತು ಒಪ್ಪಿಕೊಂಡ ಮಾತು ಇಷ್ಟು: ಕೈಗಾರಿಕೆಗಳು ಬೆಳೆಯುವ ಮುಂಚಿನ ಕಾಲಕ್ಕೆ ಹೋಲಿಸಿದರೆ ಜಗತ್ತಿನ ಸರಾಸರಿ ಉಷ್ಣತೆಯ ಏರಿಕೆ 2 ಡಿಗ್ರಿಗಿಂತ ಸಾಕಷ್ಟು ಕೆಳಗೆ ಇರಬೇಕು, 1.5ರೊಳಗೆ ನಿಲ್ಲಿಸಲು ಪ್ರಯತ್ನ ಮಾಡಬೇಕು. ಇದರಲ್ಲಿ ‘ಏರಿಕೆ’ ಎಂಬ ಪದ ಇದೆ, ‘ಜಗತ್ತಿನ ಸರಾಸರಿ’ ಇದೆ, ‘ಮುಂಚಿನ ಕಾಲ’ ಇದೆ. ಮುಂಚಿನ ಕಾಲ ಅಂದರೆ ಯಾವ ವರ್ಷ ಅಂತ ಒಪ್ಪಂದದಲ್ಲಿ ಬರೆದಿಲ್ಲ. ಎಷ್ಟು ವರ್ಷದ ಸರಾಸರಿ ಅಂತಲೂ ಬರೆದಿಲ್ಲ. ಇಷ್ಟು ದೊಡ್ಡ ಕರಾರುಪತ್ರದಲ್ಲಿ ಅಳತೆಯನ್ನೇ ಬಿಟ್ಟಿದ್ದಾರಲ್ಲ ಅಂತ ನನಗೆ ಮೊದಲ ಸಲ ಓದಿದಾಗ ನಗು ಬಂದಿತ್ತು. ಆ ಖಾಲಿ ಜಾಗವನ್ನು ಆಮೇಲೆ ತುಂಬಿದವರು ವಿಜ್ಞಾನಿಗಳು. ವಿಶ್ವಸಂಸ್ಥೆಯ ಹವಾಮಾನ ಸಮಿತಿ, ಅಂದರೆ ಐಪಿಸಿಸಿ, 1850ರಿಂದ 1900ರವರೆಗಿನ ಸರಾಸರಿಯನ್ನು ‘ಮುಂಚಿನ ಕಾಲ’ ಎಂದು ಹಿಡಿಯುತ್ತದೆ. ಉಗಿಯಂತ್ರ ಅದಕ್ಕೂ ಮೊದಲೇ ಬಂದಿತ್ತು, ನಿಜ. ಆದರೆ ಜಗತ್ತಿನ ಲೆಕ್ಕ ಹಾಕುವಷ್ಟು ಥರ್ಮಾಮೀಟರ್‌ಗಳು ಅದಕ್ಕೂ ಹಿಂದೆ ಇರಲಿಲ್ಲ.

ಈಗ ‘ಏರಿಕೆ’ಯನ್ನು ಅಳೆಯುವುದು ಹೇಗೆ ಅನ್ನುವುದಕ್ಕೆ ಬರೋಣ. ಇದಕ್ಕೆ ಬ್ಯಾಡಗಿ ಪೇಟೆಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ.

ಪೇಟೆಗೆ ಡಬ್ಬಿ ಮೆಣಸಿನಕಾಯಿ ಬರುತ್ತದೆ, ಕಡ್ಡಿ ಬರುತ್ತದೆ. ಡಬ್ಬಿಗೆ ಯಾವಾಗಲೂ ದರ ಜಾಸ್ತಿ. ಲೆಕ್ಕಕ್ಕೆ ಅಂತ ಡಬ್ಬಿ ಕ್ವಿಂಟಲ್‌ಗೆ 40,000, ಕಡ್ಡಿ 30,000 ಅಂದುಕೊಳ್ಳಿ. ಸೋಮವಾರ 10 ಕ್ವಿಂಟಲ್ ಡಬ್ಬಿ, 90 ಕ್ವಿಂಟಲ್ ಕಡ್ಡಿ ಬಂತು. ಒಟ್ಟು ಸರಾಸರಿ 31,000 ರೂಪಾಯಿ. ಗುರುವಾರ ಎರಡೂ ಐವತ್ತೈವತ್ತು ಕ್ವಿಂಟಲ್ ಬಂತು, ದರ ಮಾತ್ರ ಎರಡಕ್ಕೂ ಸಾವಿರ ಇಳಿಯಿತು. ಡಬ್ಬಿ 39,000, ಕಡ್ಡಿ 29,000. ಈಗ ಒಟ್ಟು ಸರಾಸರಿ ಎಷ್ಟು? 34,000! ಎರಡೂ ಮಾಲಿನ ದರ ಇಳಿದಿದೆ, ಪೇಟೆಯ ಸರಾಸರಿ ಮಾತ್ರ ಮೂರು ಸಾವಿರ ಏರಿದೆ. ಆವಕದಲ್ಲಿ ಡಬ್ಬಿ ಜಾಸ್ತಿ ಆಗಿದ್ದಕ್ಕೆ ಈ ಮೋಸ.

“ಇದನ್ನ ನನಗ ಹೇಳಬೇಕೇನಪಾ?” ಅಂದರು ಕಾಕಾ. “ಡಬ್ಬಿನ ಡಬ್ಬಿಗೆ ಹೋಲಿಸಬೇಕು, ಕಡ್ಡಿನ ಕಡ್ಡಿಗೆ. ಎಲ್ಲಾ ಕೂಡ್ಸಿ ಭಾಗಾಕಾರ ಮಾಡಿದರ ಅಂಗಡಿ ಮುಚ್ಚಬೇಕಾಗತೈತಿ.”

ಹವಾಮಾನದ ವಿಜ್ಞಾನಿಗಳೂ ಇದನ್ನೇ ಮಾಡುತ್ತಾರೆ. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ, ಎತ್ತರದಲ್ಲೂ ಇದೆ. ಗದಗ ಬಯಲುಸೀಮೆ. ಏಪ್ರಿಲ್‌ನಲ್ಲಿ ಧಾರವಾಡದ ಮಾಮೂಲಿ ಸರಾಸರಿ 28, ಗದಗದ್ದು 30 ಅಂತ ಇಟ್ಟುಕೊಳ್ಳಿ. ಇವೂ ಬರೀ ಲೆಕ್ಕದ ಅಂಕಿಗಳೇ. ಈ ವರ್ಷ ಧಾರವಾಡದಲ್ಲಿ 29 ಬಂತು, ಗದಗದಲ್ಲಿ 31. ಎರಡೂ ಕಡೆ ಮಾಮೂಲಿಗಿಂತ 1 ಡಿಗ್ರಿ ಹೆಚ್ಚು. ಈ ಹೆಚ್ಚಳವನ್ನಷ್ಟೇ ಬರೆದುಕೊಳ್ಳುತ್ತಾರೆ. ಈಗ ಧಾರವಾಡದ ಥರ್ಮಾಮೀಟರ್ ಒಡೆದು, ಒಂದು ತಿಂಗಳು ಅಲ್ಲಿಂದ ಏನೂ ಬರಲಿಲ್ಲ ಅನ್ನಿ. ಎರಡು ಊರಿನ ನೇರ ಸರಾಸರಿ ಹಿಡಿದಿದ್ದರೆ ಅದು 30ರಿಂದ 31ಕ್ಕೆ ಜಿಗಿಯುತ್ತಿತ್ತು. ಹೆಚ್ಚಳದ ಸರಾಸರಿ ಹಾಗೆ ಜಿಗಿಯುವುದಿಲ್ಲ. ಆಗಲೂ 1, ಈಗಲೂ 1.

ಇದರಲ್ಲಿ ಇನ್ನೊಂದು ಲಾಭ ಇದೆ. ಹುಬ್ಬಳ್ಳಿ ಮತ್ತು ಗದಗದ ನಡುವೆ ಅಣ್ಣಿಗೇರಿ ಸಿಗುತ್ತದೆ. ಅಲ್ಲೊಂದು ಥರ್ಮಾಮೀಟರ್ ಇಲ್ಲ ಅಂದುಕೊಂಡರೆ, ಅಲ್ಲಿ ಎಷ್ಟು ಡಿಗ್ರಿ ಇತ್ತು ಅಂತ ಖಚಿತವಾಗಿ ಹೇಳುವುದು ಕಷ್ಟ. ಆದರೆ ಧಾರವಾಡದಲ್ಲೂ ಗದಗದಲ್ಲೂ ಆ ತಿಂಗಳು ಮಾಮೂಲಿಗಿಂತ 1 ಡಿಗ್ರಿ ಹೆಚ್ಚಿದ್ದರೆ, ಅಣ್ಣಿಗೇರಿಯಲ್ಲೂ ಸುಮಾರು ಅಷ್ಟೇ ಹೆಚ್ಚಿರುತ್ತದೆ ಅಂತ ಧೈರ್ಯವಾಗಿ ಹೇಳಬಹುದು. ಬಿಸಿ ಎಷ್ಟು ಅನ್ನುವುದು ಊರಿಂದ ಊರಿಗೆ ಬದಲಾಗುತ್ತದೆ. ಮಾಮೂಲಿಗಿಂತ ಎಷ್ಟು ಹೆಚ್ಚು ಅನ್ನುವುದು ನೂರಾರು ಕಿಲೋಮೀಟರ್‌ವರೆಗೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಇದೇ ನಂಬಿಕೆಯ ಮೇಲೆ ಭೂಮಿಯನ್ನು ಚೌಕ ಚೌಕ ಮಾಡಿ, ಪ್ರತಿ ಚೌಕದ ಹೆಚ್ಚಳ ತೆಗೆದು, ಅದರ ವಿಸ್ತೀರ್ಣಕ್ಕೆ ತಕ್ಕ ತೂಕ ಕೊಟ್ಟು ಕೂಡಿಸುತ್ತಾರೆ. ಯುರೋಪಿನಲ್ಲಿ ಥರ್ಮಾಮೀಟರ್ ಜಾಸ್ತಿ ಇವೆ ಅಂತ ಯುರೋಪಿನ ತೂಕ ಜಾಸ್ತಿ ಆಗುವುದಿಲ್ಲ.

ಆದರೆ ಭೂಮಿಯ ನೂರಕ್ಕೆ ಸುಮಾರು 70 ಭಾಗ ಸಮುದ್ರ. ಅಲ್ಲಿ ಧಾರವಾಡವೂ ಇಲ್ಲ, ಗದಗವೂ ಇಲ್ಲ. ನೂರೈವತ್ತು ವರ್ಷದ ಹಿಂದೆ ಅಲ್ಲಿನ ಉಷ್ಣತೆ ಅಳೆದವರು ಹಡಗಿನವರು. ಹಡಗಿನಿಂದ ಬಕೆಟ್ ಇಳಿಬಿಟ್ಟು, ನೀರು ಎತ್ತಿ, ಅದರಲ್ಲಿ ಥರ್ಮಾಮೀಟರ್ ಅದ್ದಿ ನೋಡುತ್ತಿದ್ದರು. ಎಷ್ಟೋ ಬಕೆಟ್‌ಗಳು ಕ್ಯಾನ್ವಾಸ್ ಬಟ್ಟೆಯವು. ಮೇಲೆತ್ತಿ ಓದುವಷ್ಟರಲ್ಲಿ ಬಟ್ಟೆಯಿಂದ ನೀರು ಆವಿಯಾಗಿ, ನಮ್ಮ ಮಣ್ಣಿನ ಹರವಿಯ ನೀರಿನ ಹಾಗೆ ಬಕೆಟಿನ ನೀರೂ ತಣ್ಣಗಾಗುತ್ತಿತ್ತು. ಆಮೇಲೆ ಎಂಜಿನ್‌ಗೆ ಎಳೆದುಕೊಳ್ಳುವ ನೀರನ್ನು ಅಳೆಯುವ ರೂಢಿ ಬಂತು. ಅದು ಸ್ವಲ್ಪ ಬೆಚ್ಚಗೆ ತೋರಿಸುತ್ತಿತ್ತು. ಈ ಎರಡನ್ನೂ ಸುಮ್ನೆ ಒಂದರ ಪಕ್ಕ ಒಂದಿಟ್ಟರೆ, ಸಮುದ್ರ ಬಿಸಿಯಾಗದಿದ್ದರೂ ಬಿಸಿಯಾದಂತೆ ಕಾಣುತ್ತದೆ. ಅದಕ್ಕೇ ಹಳೆಯ ಬಕೆಟ್ ಅಂಕಿಗಳನ್ನು ಸ್ವಲ್ಪ ಮೇಲಕ್ಕೆ ತಿದ್ದುತ್ತಾರೆ. ‘ವಿಜ್ಞಾನಿಗಳು ಅಂಕಿ ತಿದ್ದಿ ಏರಿಕೆ ತೋರಿಸುತ್ತಾರೆ’ ಅಂತ ದೂರುವವರಿಗೆ ಇದು ಗೊತ್ತಿರಬೇಕು: ಬಕೆಟಿನ ಈ ತಿದ್ದುಪಡಿಯಿಂದ ಹಳೆಯ ಕಾಲ ಬೆಚ್ಚಗಾಗುತ್ತದೆ, ಒಟ್ಟು ಏರಿಕೆ ಕಡಿಮೆಯಾಗುತ್ತದೆ.

ಇಷ್ಟು ಗೊತ್ತಾದ ಮೇಲೆ 2024ರ ಲೆಕ್ಕವನ್ನು ನಾವೇ ಹಾಕಬಹುದು. ಅಂಗಡಿಯ ಕ್ಯಾಲ್ಕುಲೇಟರ್ ಸಾಕು. ಯುರೋಪಿನ ಕೋಪರ್ನಿಕಸ್ ಸಂಸ್ಥೆಯ ಪ್ರಕಾರ ಆ ವರ್ಷ ಜಗತ್ತಿನ ಸರಾಸರಿ ಉಷ್ಣತೆ 15.10 ಡಿಗ್ರಿ. 1991ರಿಂದ 2020ರವರೆಗಿನ ಮೂವತ್ತು ವರ್ಷದ ಸರಾಸರಿಗಿಂತ ಇದು 0.72 ಹೆಚ್ಚು. ಈ ಮೂವತ್ತು ವರ್ಷಕ್ಕೆ ಹೋಲಿಸುವುದು ಯಾಕೆಂದರೆ, ಆ ಅವಧಿಯ ಅಳತೆ ಉಪಗ್ರಹಗಳೂ ಸೇರಿ ಬಹಳ ಗಟ್ಟಿ. ಆ ಮೂವತ್ತು ವರ್ಷದ ಸರಾಸರಿಯೇ 1850–1900ಕ್ಕಿಂತ 0.88 ಮೇಲಿತ್ತು. ಎರಡನ್ನೂ ಕೂಡಿಸಿದರೆ 1.60. ಪೇಪರಿನಲ್ಲಿ ಬರುವ ‘ಒಂದೂವರೆ ದಾಟಿತು’ ಹುಟ್ಟುವುದು ಹೀಗೆ, ಎರಡು ಮೆಟ್ಟಿಲಲ್ಲಿ.

ಮೊದಲ ಮೆಟ್ಟಿಲು ಭದ್ರ, ಎರಡನೆಯದು ಸ್ವಲ್ಪ ಅಲ್ಲಾಡುತ್ತದೆ. 1850–1900ರಲ್ಲಿ ಅಳತೆಗಳು ಕಡಿಮೆ. ನಮ್ಮ ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ, ಆ ಅವಧಿಯ ಅರ್ಧ ಮುಗಿದ ಮೇಲೆ. ಇಡೀ ದೇಶದ ಸರಾಸರಿಯನ್ನು ಇಲಾಖೆ 1901ರಿಂದ ಲೆಕ್ಕ ಹಾಕುತ್ತದೆ. ಹಾಗಾಗಿ ಬೇರೆ ಬೇರೆ ಸಂಸ್ಥೆಗಳ ಉತ್ತರ ಸ್ವಲ್ಪ ಹಿಂದೆಮುಂದೆ ಆಗುತ್ತದೆ. ವಿಶ್ವ ಹವಾಮಾನ ಸಂಸ್ಥೆ ಆರು ಸಂಸ್ಥೆಗಳ ಲೆಕ್ಕ ಸೇರಿಸಿ 2024ಕ್ಕೆ ಕೊಟ್ಟ ಅಂಕಿ 1.55. ಅದರ ಪಕ್ಕದಲ್ಲೇ ‘0.13 ಆಚೀಚೆ’ ಅಂತಲೂ ಬರೆದಿದೆ. ಅಂದರೆ ನಿಜವಾದ ಅಂಕಿ 1.42ರಿಂದ 1.68ರ ನಡುವೆ ಎಲ್ಲಾದರೂ ಇರಬಹುದು. ತಲೆಬರಹಗಳಲ್ಲಿ ಈ ಆಚೀಚೆ ಯಾವತ್ತೂ ಬರುವುದಿಲ್ಲ. ಜಾಗ ಸಾಲುವುದಿಲ್ಲ ಅಂತ ಕಾಣುತ್ತದೆ.

“ಆತು, 1.55. ಒಂದೂವರಿ ದಾಟ್ತಲ್ಲ ಮತ್ತ?”

ದಾಟಿದ್ದು ಒಂದು ವರ್ಷ. ಗುರಿ ಇಟ್ಟಿರುವುದು ಒಂದು ವರ್ಷದ ಮೇಲಲ್ಲ.

ಇದಕ್ಕೂ ಪೇಟೆಯೇ ಉದಾಹರಣೆ. ಯಾವುದೋ ಒಂದು ಲಾಟ್‌ಗೆ ದಾಖಲೆ ದರ ಸಿಗುತ್ತದೆ. ಮರುದಿನ ಪೇಪರಿನಲ್ಲಿ ರೈತನ ಫೋಟೋ ಬರುತ್ತದೆ. ಅದನ್ನು ನೋಡಿ ಊರಿಂದ ಫೋನು ಬರುತ್ತವೆ, ‘ಕಾಕಾ, ದರ ಅಷ್ಟಾಗೇತಂತ’ ಅಂತ. ಕಾಕಾ ಪ್ರತಿ ಸಲ ಅದೇ ಉತ್ತರ ಕೊಡುತ್ತಾರೆ. ಒಂದು ಲಾಟ್‌ಗೆ ಸಿಕ್ಕಿದ್ದು ಪೇಟೆಯ ದರ ಅಲ್ಲ, ಇಡೀ ಸುಗ್ಗಿಯ ಲೆಕ್ಕ ನೋಡಿ ಮಾತಾಡು.

ಭೂಮಿಯ ಒಂದು ವರ್ಷವೂ ಒಂದು ಲಾಟ್ ಇದ್ದ ಹಾಗೆ. 2023ರ ನಡುವಿನಿಂದ 2024ರ ಮೊದಲ ತಿಂಗಳುಗಳವರೆಗೆ ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ಇತ್ತು. ಎಲ್ ನಿನೊ ಅಂದರೆ ಸಮಭಾಜಕದ ಬಳಿ ಪೆಸಿಫಿಕ್‌ನ ಮೇಲ್ಮೈ ನೀರು ಮಾಮೂಲಿಗಿಂತ ಬಿಸಿಯಾಗಿ, ಸಮುದ್ರದೊಳಗೆ ಅಡಗಿದ್ದ ಶಾಖ ಗಾಳಿಗೆ ಬರುವುದು. ನಮ್ಮ ಕಡೆ ಇದನ್ನು ಪಾಠ ಓದಿ ತಿಳಿಯಬೇಕಾಗಿಲ್ಲ. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದು ಯಾರೂ ಮರೆತಿಲ್ಲ. ಜೋರು ಎಲ್ ನಿನೊ ಇದ್ದಾಗ ಜಗತ್ತಿನ ವರ್ಷದ ಸರಾಸರಿ ಒಂದೆರಡು ದಶಾಂಶ ಡಿಗ್ರಿ ಮೇಲೇಳುತ್ತದೆ. ಅದು ಹೋದ ಮೇಲೆ ಇಳಿಯುತ್ತದೆ. ದೊಡ್ಡ ಜ್ವಾಲಾಮುಖಿ ಸಿಡಿದರೆ ಇದರ ಉಲ್ಟಾ ಆಗುತ್ತದೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದಾಗ ಅದರ ಗಂಧಕದ ಮಂಜು ಬಿಸಿಲಿಗೆ ಅಡ್ಡ ನಿಂತು, ಮುಂದಿನ ಒಂದೆರಡು ವರ್ಷ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಗಿತ್ತು. ಇವೆಲ್ಲ ಬಂದು ಹೋಗುವ ನೆಂಟರು. ಮನೆಯವರ ಲೆಕ್ಕದಲ್ಲಿ ಇವರನ್ನು ಸೇರಿಸಬಾರದು.

ಅದಕ್ಕೇ ಐಪಿಸಿಸಿ ಇಪ್ಪತ್ತು ವರ್ಷದ ಸರಾಸರಿ ನೋಡುತ್ತದೆ. ಯಾವ ಇಪ್ಪತ್ತು ವರ್ಷದ ಸರಾಸರಿ 1850–1900ಕ್ಕಿಂತ 1.5 ಹೆಚ್ಚಾಗುತ್ತದೋ, ಆ ಇಪ್ಪತ್ತರ ನಡುವಿನ ವರ್ಷವನ್ನು ‘ದಾಟಿದ ವರ್ಷ’ ಅನ್ನುತ್ತದೆ. ಇಪ್ಪತ್ತು ವರ್ಷದಲ್ಲಿ ಎಲ್ ನಿನೊ ನಾಲ್ಕಾರು ಸಲ ಬಂದಿರುತ್ತದೆ, ಅದರ ತಂಪು ತಂಗಿ ಲಾ ನಿನಾ ಕೂಡ ಬಂದಿರುತ್ತಾಳೆ. ಒಬ್ಬರ ಏರಿಳಿತ ಇನ್ನೊಬ್ಬರಿಗೆ ವಜಾ ಆಗುತ್ತದೆ. ಉಳಿಯುವುದು ನಾವು ಸುಟ್ಟ ಕಲ್ಲಿದ್ದಲು, ಡೀಸೆಲ್‌ಗಳ ಪಾಲು.

ಒಂದು ವರ್ಷವನ್ನೇ ಹಿಡಿದು ಜಗ್ಗಾಡಿದರೆ ಏನಾಗುತ್ತದೆ ಅನ್ನುವುದಕ್ಕೆ 1998 ಒಳ್ಳೆಯ ಪಾಠ. ಆ ವರ್ಷ ಭಾರಿ ಎಲ್ ನಿನೊ ಇತ್ತು, ಜಗತ್ತು ದಾಖಲೆ ಬಿಸಿಯಾಯಿತು. ಆಮೇಲೆ ಎಷ್ಟೋ ವರ್ಷ ಅದನ್ನು ದೊಡ್ಡ ಅಂತರದಲ್ಲಿ ಮೀರಿದ ವರ್ಷ ಬರಲಿಲ್ಲ. ‘ನೋಡಿ, 1998ಕ್ಕೇ ಬಿಸಿ ನಿಂತಿದೆ’ ಅಂತ ಜನ ವಾದ ಮಾಡಿದರು. ಆದರೆ ಹತ್ತು ವರ್ಷದ ಸರಾಸರಿ ತೆಗೆದು ನೋಡಿದರೆ ಏರುತ್ತಲೇ ಇತ್ತು. ಅವತ್ತು ಒಂದು ಎತ್ತರದ ವರ್ಷ ತೋರಿಸಿ ‘ನಿಂತಿತು’ ಅಂದರು. ಇವತ್ತು ಇನ್ನೊಂದು ಎತ್ತರದ ವರ್ಷ ತೋರಿಸಿ ‘ಮುಗಿಯಿತು’ ಅನ್ನುತ್ತಾರೆ. ತಪ್ಪು ಒಂದೇ. ಒಂದು ದಿನದ ಅಂಕಿಗಂತೂ ಇನ್ನೂ ಬೆಲೆ ಕಡಿಮೆ. 2023ರ ನವೆಂಬರ್ 17ರಂದು ಜಗತ್ತಿನ ಸರಾಸರಿ ಆ ದಿನದ ಹಳೆಯ ಸರಾಸರಿಗಿಂತ 2 ಡಿಗ್ರಿಗೂ ಮೇಲೆ ಹೋಗಿತ್ತು. ಅವತ್ತೇ 2 ಡಿಗ್ರಿಯ ಗುರಿಯೂ ಬಿದ್ದುಹೋಯಿತು ಅಂತ ಯಾರೂ ಹೇಳಲಿಲ್ಲ.

ಇಪ್ಪತ್ತು ವರ್ಷದ ಲೆಕ್ಕಕ್ಕೆ ಒಂದು ಊನ ಇದೆ, ಅದನ್ನು ಮುಚ್ಚಿಡಬಾರದು. ನಡುವಿನ ವರ್ಷ ಯಾವುದು ಅಂತ ಗೊತ್ತಾಗಬೇಕಾದರೆ ಅದರ ಮುಂದಿನ ಹತ್ತು ವರ್ಷ ಕಳೆಯಬೇಕು. ಗುರಿ ದಾಟಿದ್ದು ದಾಟಿ ಹತ್ತು ವರ್ಷ ಆದ ಮೇಲೆ ತಿಳಿಯುತ್ತದೆ! ಹಿಂದಿನ ಇಪ್ಪತ್ತು ವರ್ಷದ ಸರಾಸರಿಯನ್ನೇ ಇವತ್ತಿನ ಸ್ಥಿತಿ ಅಂದುಕೊಂಡರೂ ಮೋಸ ಹೋಗುತ್ತೇವೆ. ಅದು ನಿಜವಾಗಿ ಹತ್ತು ವರ್ಷದ ಹಿಂದಿನ ಸ್ಥಿತಿ. ಈಗ ಭೂಮಿ ಹತ್ತು ವರ್ಷಕ್ಕೆ ಸುಮಾರು ಕಾಲು ಡಿಗ್ರಿಯಂತೆ ಏರುತ್ತಿದೆ. ಹಾಗಾಗಿ ಆ ಸರಾಸರಿ ಇವತ್ತಿಗಿಂತ ಕಾಲು ಡಿಗ್ರಿ ಕಡಿಮೆ ತೋರಿಸುತ್ತದೆ.

ಇದಕ್ಕೆ ಬೇರೆ ದಾರಿಗಳನ್ನು ಹುಡುಕಿದ್ದಾರೆ. ಒಂದು, ಹಿಂದಿನ ಹತ್ತು ವರ್ಷದ ಅಳತೆಗೆ ಮುಂದಿನ ಹತ್ತು ವರ್ಷದ ಮುನ್ಸೂಚನೆ ಸೇರಿಸಿ ಇಪ್ಪತ್ತು ಮಾಡುವುದು. ಇನ್ನೊಂದು, ಈವರೆಗಿನ ಏರಿಳಿತದ ನಡುವೆ ಒಂದು ನಯವಾದ ಗೆರೆ ಎಳೆದು, ಅದು ಇವತ್ತು ಎಲ್ಲಿದೆ ಅಂತ ನೋಡುವುದು. ಇಂಥ ಮೂರು ವಿಧಾನಗಳಿಂದ ವಿಶ್ವ ಹವಾಮಾನ ಸಂಸ್ಥೆ 2024ಕ್ಕೆ ಹೇಳಿದ್ದು: ದೀರ್ಘಕಾಲದ ಏರಿಕೆ 1.34ರಿಂದ 1.41ರ ನಡುವೆ ಇದೆ. ಆ ವರ್ಷದ 1.55ಕ್ಕೂ ಇದಕ್ಕೂ ಇರುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಆಗಲೇ ಹೇಳಿದ ನೆಂಟ ಎಲ್ ನಿನೊದು.

ಕಾಕಾ ಕ್ಯಾಲ್ಕುಲೇಟರ್ ಎಳೆದುಕೊಂಡರು. 1.34 ಮತ್ತು 1.41ರ ನಡುವಿನ 1.37 ಹಿಡಿದು 1.5ರಲ್ಲಿ ಕಳೆದರೆ 0.13. ವರ್ಷಕ್ಕೆ 0.025ರಂತೆ ಭಾಗಿಸಿದರೆ ಐದು ವರ್ಷ ಚಿಲ್ಲರೆ. “ಅಂದ್ರ ಇನ್ನ ದಾಟಿಲ್ಲ. ಆದ್ರ ಇದ ದರದಾಗ ಹೊಂಟ್ರ 2030ರ ಸುಮಾರಿಗೆ ದಾಟತೈತಿ.” ಸರಿ ಇತ್ತು ಲೆಕ್ಕ. ಮೊದಲ ಪ್ರಶ್ನೆ ಮಾತ್ರ ಬಾಕಿ ಉಳಿದಿತ್ತು: ದಿನಕ್ಕೆ ಹದಿನಾರು ಡಿಗ್ರಿ ತಡೆಯುವ ನಮಗೆ ಒಂದೂವರೆ ಯಾವ ಲೆಕ್ಕ?

ಬ್ಯಾಡಗಿಯಲ್ಲಿ ಮಧ್ಯಾಹ್ನ 38 ಇದ್ದಾಗ ಭೂಮಿಯ ಆ ಕಡೆ ನಡುರಾತ್ರಿ. ಭೂಮಿಯ ಉತ್ತರಾರ್ಧಕ್ಕೆ ಬೇಸಿಗೆ ಇದ್ದಾಗ ದಕ್ಷಿಣಾರ್ಧಕ್ಕೆ ಚಳಿಗಾಲ. ಕೂಡಿಸಿದರೆ ಈ ಹಗಲುರಾತ್ರಿಯ ಏರಿಳಿತವೆಲ್ಲ ಕರಗಿಹೋಗುತ್ತದೆ. ಇಡೀ ಭೂಮಿಯ ಸರಾಸರಿ ಅಲುಗಾಡಬೇಕಾದರೆ ಎಲ್ಲ ಕಡೆ, ಎಲ್ಲ ಹೊತ್ತಿನಲ್ಲಿ, ಸಮುದ್ರವೂ ಸೇರಿ ಬಿಸಿಯಾಗಬೇಕು. ಸುಮಾರು ಇಪ್ಪತ್ತು ಸಾವಿರ ವರ್ಷದ ಹಿಂದೆ ಹಿಮಯುಗ ಇತ್ತಲ್ಲ, ಉತ್ತರ ಅಮೆರಿಕದ ಅರ್ಧ ಭಾಗ ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜಿನ ಕೆಳಗಿತ್ತು, ಸಮುದ್ರ ಈಗಿನಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆ ಜಗತ್ತಿಗೂ 1850ರ ಜಗತ್ತಿಗೂ ಸರಾಸರಿಯಲ್ಲಿ ಇದ್ದ ವ್ಯತ್ಯಾಸ 5ರಿಂದ 7 ಡಿಗ್ರಿ ಅಷ್ಟೇ. ಈ ಅಳತೆಕೋಲಿನಲ್ಲಿ ಒಂದೂವರೆಯನ್ನು ಇಟ್ಟು ನೋಡಬೇಕು.

ಹಾಗಂತ ಗದಗಿನ ಥರ್ಮಾಮೀಟರ್ ಸರಿಯಾಗಿ ಒಂದೂವರೆ ಏರುತ್ತದೆ ಅಂತಲೂ ಅಲ್ಲ. 2011ರಿಂದ 2020ರ ಹತ್ತು ವರ್ಷದಲ್ಲಿ ಜಗತ್ತಿನ ಏರಿಕೆ 1.09 ಇದ್ದಾಗ ನೆಲದ ಮೇಲೆ 1.59, ಸಮುದ್ರದ ಮೇಲೆ 0.88 ಇತ್ತು. ಉತ್ತರ ಧ್ರುವದ ಕಡೆ ಇನ್ನೂ ಬಹಳ ಜಾಸ್ತಿ. ಭಾರತದಲ್ಲಿ ಏರಿಕೆ ಕಡಿಮೆ. 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ. ನಮ್ಮ ಗಾಳಿಯ ಹೊಗೆ, ದೂಳು ಬಿಸಿಲಿಗೆ ಸ್ವಲ್ಪ ಅಡ್ಡ ಬರುತ್ತವೆ, ನೀರಾವರಿ ನೆಲವನ್ನು ತಂಪಾಗಿಡುತ್ತದೆ. ಹೊಗೆ ನಮ್ಮನ್ನು ಕಾಯುತ್ತಿದೆ ಅಂತ ಖುಷಿಪಡುವ ಹಾಗಿಲ್ಲ, ಅದೇ ಹೊಗೆ ಎದೆಗೂ ಹೋಗುತ್ತದೆ.

ಸರಾಸರಿ ಒಂಚೂರು ಸರಿದರೂ ಅಂಚಿನ ದಿನಗಳು ಬಹಳ ಬದಲಾಗುತ್ತವೆ. ಮಾಮೂಲಿ ದಿನಗಳು ರಾಶಿಯ ನಡುವೆ ದಪ್ಪಗೆ ಇರುತ್ತವೆ, ಸುಡು ಬಿಸಿಯ ದಿನಗಳು ಒಂದು ಅಂಚಿನಲ್ಲಿ ಬೆರಳೆಣಿಕೆಯಷ್ಟು. ಇಡೀ ರಾಶಿಯನ್ನು ಬಿಸಿಯ ಕಡೆಗೆ ಸ್ವಲ್ಪ ತಳ್ಳಿದರೆ ನಡುವಿನ ದಪ್ಪ ಭಾಗದ ಸೆರಗು ಆ ಅಂಚಿಗೆ ಬಂದು ಬೀಳುತ್ತದೆ. ಐಪಿಸಿಸಿ ಲೆಕ್ಕದಲ್ಲಿ, ಹಳೆಯ ಕಾಲದಲ್ಲಿ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದಂಥ ಬಿಸಿ, ಏರಿಕೆ 1 ಡಿಗ್ರಿ ಆದಾಗ ನೆಲದ ಮೇಲೆ ಹತ್ತು ವರ್ಷಕ್ಕೆ ಸರಾಸರಿ 2.8 ಸಲ ಬರುತ್ತದೆ. 1.5 ಆದರೆ 4.1 ಸಲ, 2 ಆದರೆ 5.6 ಸಲ. ಒಂದೂವರೆ ಅನ್ನುವುದು ಕಡಿದಾದ ದಂಡೆಯಲ್ಲ, 1.49ರಲ್ಲಿ ಬದುಕಿ 1.51ರಲ್ಲಿ ಬೀಳುವುದಕ್ಕೆ. ಒಂದೊಂದು ದಶಾಂಶಕ್ಕೂ ಈ ಎಣಿಕೆ ಸ್ವಲ್ಪ ಸ್ವಲ್ಪ ಏರುತ್ತ ಹೋಗುತ್ತದೆ.

ಕಾಕಾ ಪೇಪರನ್ನು ಮತ್ತೆ ಬಿಡಿಸಿದರು. “ಹಂಗಾರ ಎಲ್ ನಿನೊ ಹೋದ ಮ್ಯಾಲೆ ಮುಂದಿನ ಒಂದು ವರ್ಷ ಒಂದೂವರಿಗಿಂತ ಕೆಳಗ ಬರಬಹುದು?”

“ಬರಬಹುದ್ರೀ ಕಾಕಾ.”

“ಆವಾಗ ಇವರು ‘ಇಳೀತು’ ಅಂತ ಬರೀತಾರ.”

“ಬರೀತಾರ್ರೀ.”

ಅಷ್ಟರಲ್ಲಿ ಒಳಗಿನಿಂದ ಹುಡುಗ ಕೂಗಿದ, ಟೆಂಡರ್ ಬಂದಿದೆ ಅಂತ. ಆ ದಿನ ಕಾಕಾನ ಒಂದು ಲಾಟ್ ಡಬ್ಬಿಗೆ ಪೇಟೆಯಲ್ಲೇ ಹೆಚ್ಚಿನ ದರ ಸಿಕ್ಕಿತ್ತು. ಕಾಕಾ ಹುಡುಗನ ಕಡೆ ತಿರುಗಿ, “ಉಳಿದ ಲಾಟ್ ಎಷ್ಟಕ್ಕ ಹೋದವು, ಅದನ್ನ ಹೇಳು ಮೊದಲ” ಅಂದರು.